ಅಂಗಡಿಗೆ ಹತ್ತು ವರ್ಷ: ಗ್ರಾಹಕರಿಗೆ ನಾಲ್ಕು ಸಾಲು ಧನ್ಯವಾದ ಬರೆಯಬೇಕು, ನಮ್ಮ ಬೆನ್ನು ನಾವೇ ತಟ್ಟಿಕೊಂಡಂತೆ ಇರಬಾರದು

ಅಂಚು ಸೆರಗು (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ದುರ್ಗದಬೈಲಿನ ಹತ್ತಿರ ಒಂದು ಓಣಿಯಲ್ಲಿ ನಾನೂ ನನ್ನ ನಾದಿನಿಯೂ ಮ್ಯಾಚಿಂಗ್ ಸೆಂಟರ್ ನಡೆಸುತ್ತೇವೆ. ರವಿಕೆ ಬಟ್ಟೆ, ಲೈನಿಂಗ್, ಫಾಲ್, ಲಂಗ, ಗುಳೇದಗುಡ್ಡದ ಖಣ ಇಷ್ಟೇ ನಮ್ಮ ವ್ಯಾಪಾರ. 2015ರ ಬಲಿಪಾಡ್ಯಮಿಯಂದು ಅಂಗಡಿ ತೆರೆದೆವು. ಈ ಬಲಿಪಾಡ್ಯಮಿಗೆ ಹತ್ತು ವರ್ಷ ತುಂಬುತ್ತದೆ. ಇನ್‌ಸ್ಟಾಗ್ರಾಮ್‌ನಲ್ಲೂ ವಾಟ್ಸಾಪ್ ಸ್ಟೇಟಸ್‌ನಲ್ಲೂ ಒಂದು ಚಿತ್ರ ಹಾಕಿ ಕೆಳಗೆ ಗ್ರಾಹಕರಿಗೆ ಧನ್ಯವಾದ ಬರೆಯಬೇಕೆಂದಿದ್ದೇವೆ. ಇದು ನಾವು ಬರೆದ ಕರಡು:

"ಹುಬ್ಬಳ್ಳಿಯ ಹೆಮ್ಮೆಯ ಮ್ಯಾಚಿಂಗ್ ಸೆಂಟರ್ ಯಶಸ್ವಿ ಹತ್ತು ವರ್ಷಗಳನ್ನು ಪೂರೈಸಿದ ಈ ಸುಸಂದರ್ಭದಲ್ಲಿ, ನಮ್ಮ ಗುಣಮಟ್ಟ ಹಾಗೂ ಪ್ರಾಮಾಣಿಕ ಸೇವೆಯನ್ನು ಮೆಚ್ಚಿ ಬೆನ್ನೆಲುಬಾಗಿ ನಿಂತ ಸಮಸ್ತ ಗ್ರಾಹಕ ಬಂಧುಗಳಿಗೆ ಹೃತ್ಪೂರ್ವಕ ಧನ್ಯವಾದಗಳು. ನಿಮ್ಮ ಪ್ರೀತಿಯೇ ನಮ್ಮ ಯಶಸ್ಸಿನ ಗುಟ್ಟು."

ನಾದಿನಿಗೆ ಇದು ಹಿಡಿಸಿದೆ. ನನಗೆ ಓದಿದಾಗಲೆಲ್ಲ ಕಸಿವಿಸಿಯಾಗುತ್ತದೆ. ಧನ್ಯವಾದ ಎಂಬ ಮಾತು ಇದೆ, ಆದರೂ ನಮ್ಮದೇ ಹೊಗಳಿಕೆ ಕೇಳಿಸುತ್ತದೆ. ಎಲ್ಲಿ ತಪ್ಪುತ್ತಿದೆ ಎಂದು ತಿಳಿದವರು ಹೇಳಿ.

ಫ್ಲೆಕ್ಸ್ ಮುದ್ರಣ (ಗದಗ)

ಅಕ್ಕ, ಇಷ್ಟು ಅಕ್ಷರ ಹಾಕಿದರೆ ರಸ್ತೆಯಿಂದ ಯಾರಿಗೂ ಓದಲು ಬರುವುದಿಲ್ಲ. ಅಂಗಡಿಯ ಹೆಸರು ದೊಡ್ಡದಾಗಿ, "10" ಅಂಕಿ ಅದಕ್ಕಿಂತ ದೊಡ್ಡದಾಗಿ, ಕೆಳಗೆ "ಧನ್ಯವಾದಗಳು", ಮುಗಿಯಿತು. ಹಳದಿ ನೆಲದ ಮೇಲೆ ಕೆಂಪು ಅಕ್ಷರ ದೂರಕ್ಕೆ ಚೆನ್ನಾಗಿ ಕಾಣುತ್ತದೆ. ಮಾಲೀಕರ ಚಿತ್ರ ಒಂದು ಮೂಲೆಗೆ ಬರಲಿ. ರಸ್ತೆ ಬದಿ ಕಟ್ಟುವುದಾದರೆ ಪಾಲಿಕೆಯ ಅನುಮತಿ ಮೊದಲು ಪಡೆಯಿರಿ.

ಅಂಚು ಸೆರಗು (ಹುಬ್ಬಳ್ಳಿ)

ಅಣ್ಣ, ಇದು ಫ್ಲೆಕ್ಸ್‌ಗೆ ಅಲ್ಲ, ಮೊಬೈಲ್‌ನಲ್ಲಿ ಚಿತ್ರದ ಕೆಳಗೆ ಬರುವ ಸಾಲುಗಳು. ಓದುವವರು ಹೆಚ್ಚಾಗಿ ನಮ್ಮ ಅಂಗಡಿಗೆ ಬಂದು ಹೋಗುವವರೇ.

ಕನ್ನಡ ಮೇಡಂ (ಧಾರವಾಡ)

ತಪ್ಪು ಎಲ್ಲಿದೆ ಎಂಬುದು ಎದ್ದು ಕಾಣುತ್ತದೆ. "ಹೆಮ್ಮೆಯ", "ಯಶಸ್ವಿ", "ನಮ್ಮ", ಮತ್ತೆ "ನಮ್ಮ". ಇವನ್ನೆಲ್ಲ ಕಿತ್ತುಹಾಕಿ. "ನಾವು, ನಮ್ಮ" ಎಂಬ ಪದಗಳೇ ಬಾರದಂತೆ ಬರೆದರೆ ಆತ್ಮಪ್ರಶಂಸೆ ತಾನಾಗಿ ಹೋಗುತ್ತದೆ. ನನ್ನದೊಂದು ಪ್ರಯತ್ನ:

"ಹತ್ತು ವರ್ಷಗಳಿಂದ ಉತ್ತಮ ಬಟ್ಟೆಯನ್ನು ನ್ಯಾಯವಾದ ದರದಲ್ಲಿ ನೀಡುತ್ತ ಬಂದಿದ್ದೇವೆ. ಗ್ರಾಹಕರೇ ದೇವರು ಎಂದು ನಂಬಿ ನಡೆದಿದ್ದೇವೆ. ಹರಸಿದ ಎಲ್ಲರಿಗೂ ತಲೆಬಾಗಿ ವಂದಿಸುತ್ತೇವೆ."

ಕರಡು ಕಣ್ಣು (ಬೆಳಗಾವಿ)

ಮೂವತ್ತು ವರ್ಷ ಪತ್ರಿಕೆಯ ಜಾಹೀರಾತು ವಿಭಾಗದಲ್ಲಿದ್ದವನು ನಾನು. ವಾರ್ಷಿಕೋತ್ಸವದ ಇಂಥ ಒಕ್ಕಣೆಗಳು ದೀಪಾವಳಿಯ ವಾರದಲ್ಲಿ ರಾಶಿ ರಾಶಿಯಾಗಿ ಮೇಜಿಗೆ ಬರುತ್ತಿದ್ದವು.

ಮೇಡಂ ಹೇಳಿದ್ದರಲ್ಲಿ ಅರ್ಧ ಸರಿ ಇದೆ. "ಹೆಮ್ಮೆಯ", "ಯಶಸ್ವಿ" ಹೋಗಲೇಬೇಕು. ಆದರೆ ಕನ್ನಡದಲ್ಲಿ "ನಾವು" ಎಂಬುದನ್ನು ಬಿಟ್ಟ ಮಾತ್ರಕ್ಕೆ ನಾವು ವಾಕ್ಯದಿಂದ ಹೊರಗೆ ಹೋಗುವುದಿಲ್ಲ. ಕ್ರಿಯಾಪದದ ಬಾಲದಲ್ಲಿ ಕುಳಿತಿರುತ್ತೇವೆ. ಅವರ ಮೂರು ಸಾಲುಗಳ ಕೊನೆ ನೋಡಿ: ಬಂದಿದ್ದೇವೆ, ನಡೆದಿದ್ದೇವೆ, ವಂದಿಸುತ್ತೇವೆ. ಮೂರರಲ್ಲೂ ಕೆಲಸ ಮಾಡಿದವರು ಅಂಗಡಿಯವರೇ. ಗ್ರಾಹಕರು ಮಾಡಿದ್ದು ಹರಸುವುದೊಂದೇ, ಅದೂ ಯಾರಿಗೂ ಹೊಂದುವ ಮಾತು.

ಮೂಲ ಕರಡಿನ ನಿಜವಾದ ತೊಡಕು ಇನ್ನೂ ಸ್ವಲ್ಪ ಒಳಗಿದೆ. "ನಮ್ಮ ಗುಣಮಟ್ಟ ಹಾಗೂ ಪ್ರಾಮಾಣಿಕ ಸೇವೆಯನ್ನು ಮೆಚ್ಚಿ ಬೆನ್ನೆಲುಬಾಗಿ ನಿಂತ" ಎಂಬ ಭಾಗವನ್ನು ನಿಧಾನವಾಗಿ ಓದಿ. ಗ್ರಾಹಕರಿಗೆ ಯಾವುದಕ್ಕಾಗಿ ಧನ್ಯವಾದ? ನಮ್ಮ ಒಳ್ಳೆಯತನವನ್ನು ಗುರುತಿಸಿದ್ದಕ್ಕಾಗಿ. ಅಂದರೆ ಹೊಗಳಿಕೆ ಧನ್ಯವಾದದ ಹೊಟ್ಟೆಯೊಳಗೇ ಇದೆ. ವಿಶೇಷಣಗಳನ್ನು ಎಷ್ಟು ಕಿತ್ತರೂ ಅದು ಉಳಿಯುತ್ತದೆ. "ನಮ್ಮ ಮೇಲೆ ನಂಬಿಕೆಯಿಟ್ಟ ನಿಮಗೆ" ಎಂಬುದೂ ಇದೇ ಜಾತಿಯದು, ನಾವು ನಂಬಿಕೆಗೆ ಅರ್ಹರು ಎಂದು ನಾವೇ ಹೇಳಿಕೊಂಡಂತೆ.

ಹಾಗಾಗಿ ಅಕ್ಕನವರಿಗೆ ನನ್ನದು ಒಂದೇ ಪ್ರಶ್ನೆ. ಈ ಹತ್ತು ವರ್ಷಗಳಲ್ಲಿ ನಿಮ್ಮ ಗ್ರಾಹಕರು ಏನು ಮಾಡಿದರು? ಪ್ರೀತಿಸಿದರು, ಹರಸಿದರು ಎನ್ನಬೇಡಿ. ಗಲ್ಲೆಯ ಮೇಲೆ ಕುಳಿತು ಕಣ್ಣಾರೆ ನೋಡಿದ್ದನ್ನು ಹೇಳಿ. ಅವರಿಗೆ ಸ್ವಲ್ಪವಾದರೂ ಶ್ರಮವೋ ಸಮಯವೋ ಹಿಡಿದ ಕೆಲಸವಾಗಿರಲಿ.

ಔಷಧಿ ಅಂಗಡಿ (ರಾಣೇಬೆನ್ನೂರು)

ನಮ್ಮದೂ ಹೋದ ವರ್ಷ ಹತ್ತು ತುಂಬಿತು. ನಾನು ಬರೆದದ್ದು "ನಿಮ್ಮ ಆರೋಗ್ಯವೇ ನಮ್ಮ ಭಾಗ್ಯ, 10,000ಕ್ಕೂ ಹೆಚ್ಚು ಸಂತೃಪ್ತ ಗ್ರಾಹಕರು" ಎಂದು. ಜೊತೆಗೆ ಸಂಘದವರು ನನಗೆ ಶಾಲು ಹೊದಿಸಿದ ಚಿತ್ರ ಹಾಕಿದ್ದೆ. ಕೆಳಗೆ ಬಂದದ್ದೆಲ್ಲ "ಅಭಿನಂದನೆಗಳು ಸರ್" ಎಂಬ ಮಾತೇ. ಜನ ಸಂತೋಷಪಟ್ಟರು, ನನಗೂ ಸಂತೋಷವಾಯಿತು. ಇಷ್ಟೊಂದು ಯೋಚಿಸುವ ಅಗತ್ಯ ಇದೆಯೇ? ಹತ್ತು ವರ್ಷ ಅಂಗಡಿ ನಡೆಸುವುದು ಸುಲಭದ ಮಾತಲ್ಲ. 2016ರಲ್ಲಿ ನೋಟು ರದ್ದು, 2017ರಲ್ಲಿ ಜಿಎಸ್‌ಟಿ, 2020ರಲ್ಲಿ ಲಾಕ್‌ಡೌನ್, ಎಲ್ಲವನ್ನೂ ದಾಟಿ ಬಂದವರು ಹೇಳಿಕೊಳ್ಳಲಿ ಬಿಡಿ.

ಕರಡು ಕಣ್ಣು (ಬೆಳಗಾವಿ)

ಸರ್, ಹೇಳಿಕೊಳ್ಳುವುದರಲ್ಲಿ ತಪ್ಪೇನಿಲ್ಲ. ಹತ್ತು ವರ್ಷ ಅಂಗಡಿ ನಡೆದದ್ದು ಸಂಭ್ರಮದ ಸಂಗತಿಯೇ. ಆದರೆ ನಿಮ್ಮ ಸಾಲಿಗೆ ಬಂದ ಉತ್ತರ ಯಾವುದು ನೋಡಿ: "ಅಭಿನಂದನೆಗಳು". ಅಂದರೆ ಓದಿದವರು ಅದನ್ನು ನಿಮ್ಮ ಸಾಧನೆಯ ಸುದ್ದಿಯೆಂದೇ ತೆಗೆದುಕೊಂಡರು. ಅಕ್ಕನವರಿಗೆ ಬೇಕಾದದ್ದು ಬೇರೆ. ಧನ್ಯವಾದವು ಧನ್ಯವಾದವಾಗಿಯೇ ತಲುಪಿದ್ದರೆ ಓದುವವರು "ಹೌದು, ನಾನೂ ಹಾಗೆ ಬಂದಿದ್ದೆ" ಎಂದು ತಮ್ಮ ಮಾತು ಬರೆಯುತ್ತಾರೆ. ಯಾವುದು ತಲುಪಿತು ಎಂಬುದು ಕೆಳಗೆ ಬರುವ ಮಾತುಗಳಿಂದಲೇ ಗೊತ್ತಾಗುತ್ತದೆ.

ಚಿತ್ರದ ಮಾತೂ ಬಂತು, ಒಳ್ಳೆಯದಾಯಿತು. ಶಾಲು, ಹಾರ, ಕೇಕು ಇರುವ ಚಿತ್ರದ ಕೆಳಗೆ ಎಷ್ಟೇ ವಿನಯದ ಮಾತು ಬರೆದರೂ ಕಣ್ಣು ಮೊದಲು ನೋಡುವುದು ಶಾಲನ್ನೇ.

ಅಂಚು ಸೆರಗು (ಹುಬ್ಬಳ್ಳಿ)

ಸರ್ ಕೇಳಿದ್ದಕ್ಕೆ ನಾದಿನಿಯೊಂದಿಗೆ ಕುಳಿತು ನೆನಪಿಸಿಕೊಂಡೆ. ಬರೆಯುತ್ತ ಹೋದಂತೆ ಮೂರು ಸಂಗತಿಗಳು ಉಳಿದವು.

ಒಂದು, ಸೀರೆಯನ್ನೇ ಹೊತ್ತು ತರುವುದು. ಮೊಬೈಲ್‌ನಲ್ಲಿ ತೆಗೆದ ಚಿತ್ರ ನೋಡಿ ಬಣ್ಣ ಕೂಡಿಸಲು ಬರುವುದಿಲ್ಲ. ಇಳಕಲ್ ಸೀರೆಯಲ್ಲೋ ರೇಷ್ಮೆಯಲ್ಲೋ ಉದ್ದನೆಯ ಹಾಸು ನೂಲು ಒಂದು ಬಣ್ಣದ್ದು, ಅಡ್ಡ ಹೊಕ್ಕು ನೂಲು ಇನ್ನೊಂದು ಬಣ್ಣದ್ದು ಇದ್ದರೆ ಮಡಿಕೆ ಹೊರಳಿದಂತೆ ಬಣ್ಣವೂ ಹೊರಳುತ್ತದೆ. ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಬೇಕು. ಹೀಗಾಗಿ ಹತ್ತಿರದ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರೂ ಸೀರೆಯನ್ನು ಚೀಲದಲ್ಲಿ ಜೋಪಾನವಾಗಿ ಇಟ್ಟುಕೊಂಡು ಬರುತ್ತಾರೆ.

ಎರಡು, ಬಾಗಿಲ ಬೆಳಕು. ಮೊದಲ ವರ್ಷ ಒಬ್ಬರು ನವಿಲು ಬಣ್ಣದ ರವಿಕೆ ಬಟ್ಟೆ ಒಯ್ದರು. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಸೀರೆಗೂ ಅದಕ್ಕೂ ಒಂದೇ ಬಣ್ಣ. ಮನೆಯ ಅಂಗಳದಲ್ಲಿ ನೋಡಿದರೆ ಒಂದು ಹಸಿರಿಗೆ ವಾಲಿತ್ತು, ಇನ್ನೊಂದು ನೀಲಿಗೆ. ಮರುದಿನ ಬಂದು, ಸಿಟ್ಟು ಮಾಡದೆ, "ಇದನ್ನು ಹೊರಗೆ ಹಿಡಿದು ನೋಡಿ" ಎಂದರು. ಬೇರೆಯವರೂ ಒಬ್ಬೊಬ್ಬರಾಗಿ ಹಾಗೆಯೇ ಹೇಳಿದರು. ಅಂದಿನಿಂದ ಕತ್ತರಿ ಹಾಕುವ ಮೊದಲು ಬಟ್ಟೆಯನ್ನೂ ಸೀರೆಯನ್ನೂ ಬಾಗಿಲಿಗೆ ಒಯ್ದು ತೋರಿಸುತ್ತೇವೆ. ಮೋಡ ಕವಿದ ಸಂಜೆಯಾದರೆ ನಾಳೆ ಬನ್ನಿ ಎನ್ನುತ್ತೇವೆ, ಅವರು ಬರುತ್ತಾರೆ.

ಮೂರು, 2020ರಲ್ಲಿ ಲಾಕ್‌ಡೌನ್ ಮುಗಿದು ಅಂಗಡಿ ತೆರೆದಾಗ ಕೆಲವರು ಹಳೆಯ ಉದ್ರಿಯನ್ನು ತಾವಾಗಿಯೇ ತಂದು ಕೊಟ್ಟರು. ನಾವು ಕೇಳಿರಲಿಲ್ಲ. ಆ ತಿಂಗಳ ಬಾಡಿಗೆ ಅದರಿಂದಲೇ ಕಟ್ಟಿದೆವು. ಹೇಳಬೇಕಾದದ್ದು ಇದೇ ಎಂದು ನನಗೆ ಅನ್ನಿಸುತ್ತದೆ. "ಕೇಳದೆಯೇ ಬಾಕಿ ತಂದುಕೊಟ್ಟಿರಿ" ಎಂದು ಬರೆಯಲೇ?

ಕನ್ನಡ ಮೇಡಂ (ಧಾರವಾಡ)

ಮೂರನೆಯದನ್ನು ಓದಿ ಮನಸ್ಸು ತುಂಬಿ ಬಂತು. ಅದನ್ನೇ ಬರೆಯಿರಿ. ಕ್ರಿಯಾಪದದ ಮಾತನ್ನು ನಾನು ಒಪ್ಪುತ್ತೇನೆ, ಸರ್. ಇಲ್ಲಿ "ತಂದುಕೊಟ್ಟಿರಿ" ಎಂದಾಗ ಕೆಲಸ ಮಾಡಿದವರು ಗ್ರಾಹಕರೇ ಆದರಲ್ಲ.

ಕರಡು ಕಣ್ಣು (ಬೆಳಗಾವಿ)

ಮೂರೂ ಚಿನ್ನದಂಥ ಸಂಗತಿಗಳು. ಆದರೂ ಉದ್ರಿಯ ಮಾತನ್ನು ಎಲ್ಲರೂ ಓದುವ ಕಡೆ ಬರೆಯಬೇಡಿ ಎಂದು ಕೈಮುಗಿದು ಹೇಳುತ್ತೇನೆ.

ಓದುವವರಲ್ಲಿ ಬಾಕಿ ತೀರಿಸಿದವರೂ ಇರುತ್ತಾರೆ, ಇನ್ನೂ ತೀರಿಸದವರೂ ಇರುತ್ತಾರೆ. ತೀರಿಸಿದವರಿಗೆ ಅದು ಧನ್ಯವಾದ. ತೀರಿಸದವರಿಗೆ ಅದೇ ಸಾಲು "ನೀವು ಇನ್ನೂ ಕೊಟ್ಟಿಲ್ಲ" ಎಂಬ ನೆನಪೋಲೆ. ಅಂಥವರು ಅಂಗಡಿಯ ಮುಂದೆ ತಲೆ ತಗ್ಗಿಸಿ ಹೋಗತೊಡಗುತ್ತಾರೆ. ತೀರಿಸಿದವರಿಗೂ ಒಂದು ಮುಜುಗರ ಇದೆ: ಅವರು ಉದ್ರಿ ಒಯ್ಯುತ್ತಿದ್ದರು ಎಂಬುದು ಓಣಿಗೆಲ್ಲ ತಿಳಿಯುತ್ತದೆ. ಆ ಕೆಲವರ ಗುರುತು ನಿಮಗಿದೆ. ಮುಂದಿನ ಸಲ ಬಂದಾಗ ಎದುರಿಗೇ ಹೇಳಿ. ಒಂದು ಖಣ ಕೈಗಿತ್ತರೂ ಸಾಕು.

ಸೀರೆ ಹೊತ್ತು ತಂದದ್ದು, ಬಾಗಿಲ ಬೆಳಕಿನದ್ದು, ಇವೆರಡೂ ಎಲ್ಲರಿಗೂ ಸೇರಿದವು. ಒಮ್ಮೆ ಬಂದವರಿಗೂ ನೂರು ಸಲ ಬಂದವರಿಗೂ ಅವು ತಮ್ಮದೆನಿಸುತ್ತವೆ. ಅದರಲ್ಲೂ ಬಾಗಿಲ ಬೆಳಕಿನ ಸಂಗತಿ ಬೇರೆ ಯಾವ ಅಂಗಡಿಯೂ ಬರೆಯಲಾಗದ್ದು: ಗ್ರಾಹಕರು ಒಂದು ಮಾತು ಹೇಳಿದರು, ಅಂಗಡಿಯ ರೂಢಿಯೇ ಬದಲಾಯಿತು. ಈ ಹತ್ತು ವರ್ಷದಲ್ಲಿ ಅಂಗಡಿ ಕಲಿತದ್ದು ಅವರಿಂದ ಎಂದು ಬಾಯಿಬಿಟ್ಟು ಹೇಳದೆಯೇ ತಿಳಿಯುತ್ತದೆ.

ಕಿರಾಣಿ ವ್ಯಾಪಾರಿ (ಕುಂದಗೋಳ)

ನನ್ನದು ನೇರ ಮಾತು. ಗ್ರಾಹಕರಿಗೆ ಮಾತಿಗಿಂತ ರಿಯಾಯಿತಿ ಬೇಕು. "ಹತ್ತು ವರ್ಷದ ಸಂಭ್ರಮಕ್ಕೆ ಶೇ. 10 ರಿಯಾಯಿತಿ" ಎಂದು ಕೊನೆಯ ಸಾಲಿನಲ್ಲಿ ಹಾಕಿ. ಅದೇ ನಿಜವಾದ ಧನ್ಯವಾದ. ಕೈಯಿಂದ ಏನೂ ಬಿಚ್ಚದೆ ಬರೀ ಹೊತ್ತು ತಂದಿರಿ, ಕಾದಿರಿ ಎಂದರೆ ಏನು ಬಂತು?

ಅಂಚು ಸೆರಗು (ಹುಬ್ಬಳ್ಳಿ)

ರಿಯಾಯಿತಿ ಕೊಡುವ ವಿಚಾರ ನಮಗೂ ಇದೆ. ಖಣಗಳ ಮೇಲೆ ಒಂದು ವಾರ. ಅದನ್ನು ಇಲ್ಲಿಯೇ ಸೇರಿಸಬೇಕೇ ಬೇಡವೇ ಎಂಬುದು ಗೊತ್ತಾಗುತ್ತಿಲ್ಲ.

ಕರಡು ಕಣ್ಣು (ಬೆಳಗಾವಿ)

ರಿಯಾಯಿತಿ ಕೊಡಿ, ಬೇಡವೆನ್ನುವುದಿಲ್ಲ. ಒಂದೇ ಉಸಿರಿನಲ್ಲಿ ಹೇಳಬೇಡಿ. ಧನ್ಯವಾದದ ಕೊನೆಗೆ ಶೇಕಡಾ ಗುರುತು ಬಂದ ಕೂಡಲೇ ಓದುವವರು ಹಿಂದಿನ ಸಾಲುಗಳನ್ನೆಲ್ಲ ಜಾಹೀರಾತಿನ ಪೀಠಿಕೆಯೆಂದು ತಿಳಿಯುತ್ತಾರೆ. ಎರಡು ದಿನ ಬಿಟ್ಟು ಬೇರೆ ಚಿತ್ರದೊಂದಿಗೆ ಬೇರೆಯಾಗಿ ಹಾಕಿ.

ಕಿರಾಣಿ ವ್ಯಾಪಾರಿ (ಕುಂದಗೋಳ)

ಎರಡು ದಿನ ಬಿಟ್ಟು ಹಾಕಿದರೆ ಮೊದಲನೆಯದನ್ನು ನೋಡಿ ಬಂದವರು ಪೂರ್ತಿ ಹಣ ಕೊಟ್ಟು ಹೋಗಿರುತ್ತಾರೆ. ಆಮೇಲೆ ರಿಯಾಯಿತಿ ಕಂಡರೆ ಅವರಿಗೆ ಬೇಸರವಾಗುವುದಿಲ್ಲವೇ? ವ್ಯಾಪಾರದಲ್ಲಿ ಇದನ್ನೂ ನೋಡಬೇಕು.

ಟೇಲರ್ ಅಕ್ಕ (ಹಳೇ ಹುಬ್ಬಳ್ಳಿ)

ಇದುವರೆಗೆ ಯಾರೂ ನಮ್ಮ ಹೆಸರು ಎತ್ತಲಿಲ್ಲ. ಮ್ಯಾಚಿಂಗ್ ಸೆಂಟರ್‌ಗೆ ಜನರನ್ನು ಕಳಿಸುವವರು ಯಾರು? "ಲೈನಿಂಗ್ ಒಂದು ಮೀಟರ್, ಫಾಲ್ ಒಂದು, ಹುಕ್ ಒಂದು ಪಟ್ಟಿ" ಎಂದು ಚೀಟಿ ಬರೆದು ಕೊಡುವವರು ನಾವು. ಅಳತೆಗೆ ಎಂಬತ್ತು ಸೆಂಟಿಮೀಟರ್ ಸಾಕೋ, ತೋಳು ಉದ್ದವಿದ್ದರೆ ಇಡೀ ಮೀಟರ್ ಬೇಕೋ ಎಂದು ಹೇಳುವವರೂ ನಾವೇ. ಹತ್ತಿಯ ಲೈನಿಂಗ್ ತಂದ ಮೇಲೆ ನೀರಿನಲ್ಲಿ ನೆನೆಸಿ ಒಣಗಿಸಿಯೇ ಕತ್ತರಿಸಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೆ ಒಳಬಟ್ಟೆ ಕುಗ್ಗಿ ರವಿಕೆ ಸುಕ್ಕಾಗುತ್ತದೆ. ಆಗ ಬೈಗುಳ ತಿನ್ನುವವರೂ ನಾವೇ. ಧನ್ಯವಾದದಲ್ಲಿ ಟೇಲರ್‌ಗಳಿಗೆ ಒಂದು ಸಾಲು ಇರಲಿ.

ಅಂಚು ಸೆರಗು (ಹುಬ್ಬಳ್ಳಿ)

ಅಕ್ಕ, ನಿಮ್ಮ ಮಾತು ನೂರಕ್ಕೆ ನೂರು ನಿಜ. ದಿನಕ್ಕೆ ಎಷ್ಟೋ ಚೀಟಿಗಳು ಬರುತ್ತವೆ, ಅಕ್ಷರ ನೋಡಿಯೇ ಯಾವ ಟೇಲರ್ ಎಂದು ಹೇಳಬಲ್ಲೆ. ಇಲ್ಲಿಯವರೆಗಿನ ಮಾತುಗಳನ್ನೆಲ್ಲ ಇಟ್ಟುಕೊಂಡು ಹೊಸದಾಗಿ ಬರೆದಿದ್ದೇನೆ:

"ಹತ್ತು ವರ್ಷಗಳ ಈ ಸುಸಂದರ್ಭದಲ್ಲಿ ನಿಮಗೆ ಧನ್ಯವಾದಗಳು. ನೀವು ಸೀರೆಯನ್ನು ಜೋಪಾನವಾಗಿ ಚೀಲದಲ್ಲಿ ಹೊತ್ತು ತಂದಿರಿ. ಬಣ್ಣ ಕೂಡದಿದ್ದಾಗ ತಾಳ್ಮೆಯಿಂದ ಮತ್ತೆ ಬಂದಿರಿ. ಬಟ್ಟೆಯನ್ನು ಬಾಗಿಲ ಬೆಳಕಿನಲ್ಲಿ ನೋಡಬೇಕೆಂದು ನಮಗೆ ಕಲಿಸಿದಿರಿ. ಚೀಟಿ ಬರೆದು ಕಳಿಸಿದ ಟೇಲರ್ ಬಂಧುಗಳಿಗೂ, ಮನೆಯವರಿಗೂ, ಅಂಗಡಿಯ ಹುಡುಗಿಯರಿಗೂ, ಕಟ್ಟಡದ ಮಾಲೀಕರಿಗೂ ಧನ್ಯವಾದಗಳು. ನಿಮ್ಮ ಸೇವೆಯೇ ನಮ್ಮ ಭಾಗ್ಯ."

ಕರಡು ಕಣ್ಣು (ಬೆಳಗಾವಿ)

ನಡುವಿನ ಮೂರು ಸಾಲು ಬಹಳ ಚೆನ್ನಾಗಿವೆ. ತಲೆ, ಬಾಲ ಎರಡನ್ನೂ ಕತ್ತರಿಸಬೇಕು.

ಇನ್‌ಸ್ಟಾಗ್ರಾಮ್‌ನಲ್ಲಿ ಚಿತ್ರದ ಕೆಳಗೆ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದನ್ನು ಬೆರಳಿನಿಂದ ಒತ್ತಿ ತೆರೆಯಬೇಕು. ಆ ಅಮೂಲ್ಯ ಜಾಗವನ್ನು "ಈ ಸುಸಂದರ್ಭದಲ್ಲಿ" ಎಂಬುದಕ್ಕೆ ಏಕೆ ಕೊಡುತ್ತೀರಿ? ಸೀರೆಯ ಸಾಲಿನಿಂದಲೇ ಆರಂಭಿಸಿ. ತಾನು ಮಾಡಿದ ಕೆಲಸ ಮೊದಲ ಸಾಲಿನಲ್ಲೇ ಕಂಡರೆ ಯಾರಾದರೂ ತೆರೆದು ಓದುತ್ತಾರೆ. ಹತ್ತು ವರ್ಷದ ಸುದ್ದಿ ಕೊನೆಗೆ ಬರಲಿ.

"ತಾಳ್ಮೆಯಿಂದ", "ಜೋಪಾನವಾಗಿ" ಎರಡೂ ಬೇಡ. ಮತ್ತೆ ಬಂದರು ಎಂದರೆ ತಾಳ್ಮೆ ಇತ್ತು ಎಂದೇ ಅರ್ಥ. "ನಮಗೆ ಕಲಿಸಿದಿರಿ" ಎಂಬುದು ಸ್ವಲ್ಪ ದೊಡ್ಡ ಮಾತಾಯಿತು, ನಡೆದದ್ದನ್ನೇ ಹೇಳಿ. "ನಿಮ್ಮ ಸೇವೆಯೇ ನಮ್ಮ ಭಾಗ್ಯ", "ಗ್ರಾಹಕರೇ ದೇವರು" ಇವನ್ನು ಪೂರ್ತಿ ಬಿಡಿ. ಅತಿ ವಿನಯದ ಮಾತೂ ಓದುವವರ ಕಣ್ಣನ್ನು ಹೇಳುವವರ ಕಡೆಗೇ ತಿರುಗಿಸುತ್ತದೆ, ಎಷ್ಟು ವಿನಯವಂತರು ನೋಡಿ ಎಂಬಂತೆ. ನಿಮ್ಮ ಎದುರು ನಿಂತು ಲೈನಿಂಗ್ ಕೇಳುವವರಿಗೆ ನೀವು ಎಂದಾದರೂ "ನಿಮ್ಮ ಸೇವೆಯೇ ನಮ್ಮ ಭಾಗ್ಯ" ಎಂದಿದ್ದೀರಾ? ಬಾಯಲ್ಲಿ ಆಡಲಾಗದ್ದನ್ನು ಬರೆಯಬೇಡಿ.

ಟೇಲರ್ ಅಕ್ಕನವರ ಬೇಡಿಕೆ ನ್ಯಾಯವಾದದ್ದೇ. ಆದರೆ ಕಟ್ಟಡದ ಮಾಲೀಕರವರೆಗೆ ಪಟ್ಟಿ ಬೆಳೆದಾಗ ಅದು ಸಮಾರಂಭದ ವಂದನಾರ್ಪಣೆಯಾಗುತ್ತದೆ, ಗ್ರಾಹಕರು ಐವರಲ್ಲಿ ಒಬ್ಬರಾಗುತ್ತಾರೆ. ಟೇಲರ್‌ಗಳಿಗೆ ಪ್ರತ್ಯೇಕವಾಗಿ, ಅವರ ಚೀಟಿಯದೇ ಚಿತ್ರ ಹಾಕಿ ಬರೆಯಿರಿ. ಚೀಟಿಯಲ್ಲಿ ಯಾರದಾದರೂ ಹೆಸರು, ಮೊಬೈಲ್ ಸಂಖ್ಯೆ ಇದ್ದರೆ ಮುಚ್ಚಿ.

ಅಂಚು ಸೆರಗು (ಹುಬ್ಬಳ್ಳಿ)

ಹಾಗಾದರೆ ಇದು:

"ಸೀರೆಯನ್ನು ಚೀಲದಲ್ಲಿ ಹೊತ್ತು ತಂದಿರಿ. ಬಣ್ಣ ಕೂಡದಿದ್ದಾಗ ಮತ್ತೊಂದು ದಿನ ಬಂದಿರಿ. ಮನೆಯಲ್ಲಿ ಬೇರೆಯಾಗಿ ಕಂಡರೆ ಬಂದು ಹೇಳಿದಿರಿ. ನೀವು ಹೇಳಿದ ಮೇಲೆಯೇ ಬಟ್ಟೆಯನ್ನು ಬಾಗಿಲ ಬೆಳಕಿನಲ್ಲಿ ತೋರಿಸುವ ರೂಢಿ ಬಂದದ್ದು. ಈ ಬಲಿಪಾಡ್ಯಮಿಗೆ ಅಂಗಡಿಗೆ ಹತ್ತು ವರ್ಷ. ನಿಮಗೆ ಧನ್ಯವಾದಗಳು."

ಚಿತ್ರಕ್ಕೆ ಬಾಗಿಲಲ್ಲಿ ಸೀರೆಯನ್ನೂ ಖಣವನ್ನೂ ಹಿಡಿದ ಎರಡು ಕೈಗಳು, ಮುಖ ಬೇಡ ಎಂದುಕೊಂಡಿದ್ದೇವೆ.

ಔಷಧಿ ಅಂಗಡಿ (ರಾಣೇಬೆನ್ನೂರು)

ಮೊದಲಿನದಕ್ಕೂ ಇದಕ್ಕೂ ಅಜಗಜಾಂತರ, ಒಪ್ಪಿದೆ. ಆದರೆ ಒಂದು ಆತಂಕ. "ಮನೆಯಲ್ಲಿ ಬೇರೆಯಾಗಿ ಕಂಡರೆ ಬಂದು ಹೇಳಿದಿರಿ" ಎಂದರೆ ನಿಮ್ಮಲ್ಲಿ ಬಣ್ಣ ತಪ್ಪುತ್ತದೆ ಎಂದು ನೀವೇ ಸಾರಿದಂತೆ ಆಗುವುದಿಲ್ಲವೇ? ಹೊಸಬರು ಓದಿದರೆ ಏನೆಂದುಕೊಂಡಾರು? ನನ್ನ ವ್ಯಾಪಾರದಲ್ಲಿ ಇಂಥ ಒಂದು ಸಾಲು ಬರೆದರೆ ಬಾಗಿಲು ಹಾಕಬೇಕಾಗುತ್ತದೆ.

ಟೇಲರ್ ಅಕ್ಕ (ಹಳೇ ಹುಬ್ಬಳ್ಳಿ)

ಔಷಧಿಯ ಮಾತು ಬೇರೆ, ಬಟ್ಟೆಯ ಮಾತು ಬೇರೆ, ಸರ್. ದೀಪದ ಬೆಳಕಿನಲ್ಲಿ ಬಣ್ಣ ಮೋಸ ಮಾಡುತ್ತದೆ ಎಂಬುದು ಸೀರೆ ಉಡುವ ಎಲ್ಲರಿಗೂ ಗೊತ್ತು. ಆ ಸಾಲು ಓದಿದರೆ ಇವರು ಬದಲಾಯಿಸಿ ಕೊಡುವವರು ಎಂಬ ಧೈರ್ಯ ಬರುತ್ತದೆ. ಆದರೆ ಕತ್ತರಿಸಿದ ಬಟ್ಟೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೀರಾ? ಇಲ್ಲವಾದರೆ ಜನ ಅದನ್ನೇ ಹಿಡಿದು ಜಗಳಕ್ಕೆ ಬರುತ್ತಾರೆ.

ಅಂಚು ಸೆರಗು (ಹುಬ್ಬಳ್ಳಿ)

ಮೀಟರ್ ಲೆಕ್ಕದಲ್ಲಿ ಕತ್ತರಿಸಿದ್ದು ತೊಳೆಯದೆ, ಹೊಲಿಯದೆ ಇದ್ದರೆ ತೆಗೆದುಕೊಳ್ಳುತ್ತೇವೆ. ತುಂಡು ಬಟ್ಟೆಗೆ ಯಾರಾದರೂ ಗಿರಾಕಿ ಸಿಗುತ್ತಾರೆ. ಹೊಲಿಗೆಗೆ ಹೋದದ್ದನ್ನು ತೆಗೆದುಕೊಳ್ಳಲು ಆಗುವುದಿಲ್ಲ. ನಾದಿನಿಗೂ ಸರ್ ಹೇಳಿದ ಆತಂಕವೇ ಇದೆ, ಆ ಸಾಲು ತೆಗೆಯೋಣ ಎನ್ನುತ್ತಿದ್ದಾಳೆ. ತೆಗೆದರೆ ಬಾಗಿಲ ಬೆಳಕಿನ ಸಾಲಿಗೆ ಕಾರಣವೇ ಉಳಿಯುವುದಿಲ್ಲ ಎನ್ನುವುದು ನನ್ನ ಮಾತು.

ಕನ್ನಡ ಮೇಡಂ (ಧಾರವಾಡ)

"ಮನೆಯಲ್ಲಿ ಬೇರೆಯಾಗಿ ಕಂಡರೆ" ಎಂಬುದರ ಬದಲು "ಹಗಲಿನಲ್ಲಿ ಬೇರೆಯಾಗಿ ಕಂಡಾಗ" ಎಂದರೆ ಹೇಗೆ? ತಪ್ಪು ಅಂಗಡಿಯದೂ ಅಲ್ಲ, ಬಟ್ಟೆಯದೂ ಅಲ್ಲ, ಬೆಳಕಿನದು ಎಂದಾಗುತ್ತದೆ. ಮುಂದಿನ ಬಾಗಿಲ ಬೆಳಕಿಗೂ ಹೊಂದುತ್ತದೆ.

ಕರಡು ಕಣ್ಣು (ಬೆಳಗಾವಿ)

ಮೇಡಂ, ಬಹಳ ಒಳ್ಳೆಯ ತಿದ್ದುಪಡಿ. ನಾನಾದರೆ ಇದನ್ನೇ ಇಟ್ಟುಕೊಳ್ಳುತ್ತೇನೆ.

ಇನ್ನೊಂದು ಮಾತು, ಅಕ್ಕ. ಬಲಿಪಾಡ್ಯಮಿಯ ದಿನವೇ ಹಾಕಬೇಡಿ. ಅಂದು ಎಲ್ಲರ ಮೊಬೈಲ್‌ನಲ್ಲೂ ದೀಪದ ಚಿತ್ರ, ಶುಭಾಶಯ, ಲಕ್ಷ್ಮೀಪೂಜೆ ಮುಗಿಸಿದ ಅಂಗಡಿಗಳ ಸಾಲು ಸಾಲು ಚಿತ್ರ. ವಾಟ್ಸಾಪ್ ಸ್ಟೇಟಸ್ 24 ಗಂಟೆಗೆ ಅಳಿಸಿಹೋಗುತ್ತದೆ, ಆ ಗದ್ದಲದಲ್ಲಿ ನಿಮ್ಮದು ಯಾರ ಕಣ್ಣಿಗೂ ಬೀಳದೆ ಹೋದೀತು. ಹಬ್ಬ ಕಳೆದು ಊರಿಗೆ ಹೋದವರು ಮರಳಿದ ಮೇಲೆ ಹಾಕಿ. ಆಗ "ಈ ಬಲಿಪಾಡ್ಯಮಿಗೆ ಹತ್ತು ವರ್ಷವಾಯಿತು" ಎಂದು ಕ್ರಿಯಾಪದ ಸೇರಿಸಿದರೆ ಆಯಿತು.

ಕಿರಾಣಿ ವ್ಯಾಪಾರಿ (ಕುಂದಗೋಳ)

ಹಬ್ಬದ ಮುಂಚೆ ರಿಯಾಯಿತಿ ಮುಗಿಸಿ, ಹಬ್ಬದ ನಂತರ ಧನ್ಯವಾದ ಹಾಕಿದರೆ ನಾನು ಕೇಳಿದ ತೊಂದರೆಯೂ ಇರುವುದಿಲ್ಲ. ಆದರೂ ರಿಯಾಯಿತಿ ಇಲ್ಲದ ಧನ್ಯವಾದ ನನಗೆ ಸಪ್ಪೆಯೇ.

ಅಂಚು ಸೆರಗು (ಹುಬ್ಬಳ್ಳಿ)

ಅಣ್ಣ, ಆ ಕ್ರಮ ನಮಗೆ ಹೊಂದುತ್ತದೆ. ಖಣಗಳ ರಿಯಾಯಿತಿಯನ್ನು ನರಕ ಚತುರ್ದಶಿಯವರೆಗೆ ಇಟ್ಟು, ಅಂಗಡಿಯೊಳಗಿನ ಹಲಗೆಯ ಮೇಲೆ ಮಾತ್ರ ಬರೆಯುತ್ತೇವೆ. ಧನ್ಯವಾದ ಹಬ್ಬದ ಮುಂದಿನ ಸೋಮವಾರ. "ಹಗಲಿನಲ್ಲಿ ಬೇರೆಯಾಗಿ ಕಂಡಾಗ" ಎಂಬ ಮೇಡಂ ಅವರ ಮಾತು ಸೇರಿಸಿ ನಾದಿನಿಗೆ ಓದಿ ಹೇಳಿದೆ. ಅವಳು ಇನ್ನೂ ಪೂರ್ತಿ ಒಪ್ಪಿಲ್ಲ, ಆದರೆ ತೆಗೆಯಬೇಕೆಂದೂ ಹೇಳುತ್ತಿಲ್ಲ.

ಟೇಲರ್ ಅಕ್ಕ (ಹಳೇ ಹುಬ್ಬಳ್ಳಿ)

ನಮ್ಮ ಚೀಟಿಯ ಚಿತ್ರ ಯಾವಾಗ ಹಾಕುತ್ತೀರಿ ಎಂದು ಮೊದಲೇ ತಿಳಿಸಿ. ಒಳ್ಳೆಯ ಅಕ್ಷರದಲ್ಲಿ ಒಂದು ಬರೆದು ಕಳಿಸುತ್ತೇನೆ.